ಬಿಲ್ ಕಳಿಸಿದ್ದೀರಿ, ಉತ್ತರ ಬಂದಿಲ್ಲ: ಮುಂದಿನ ಮೆಸೇಜ್ ಹೇಗೆ ಬರೆಯಬೇಕು?

ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ ಆ ಕಡೆಯಿಂದ ಸದ್ದೇ ಬರದಿದ್ದರೆ ಕೆಲವರು ದುಡ್ಡು ಕೇಳಲು ಸಂಕೋಚಪಟ್ಟು ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತಾರೆ. ಇನ್ನು ಕೆಲವರು ಅಷ್ಟೂ ದಿನ ನುಂಗಿಕೊಂಡ ಸಿಟ್ಟನ್ನು ಒಂದೇ ಮೆಸೇಜಿನಲ್ಲಿ ಕಾರಿಬಿಡುತ್ತಾರೆ. ಅನುವಾದ, ಡಿಸೈನ್, ಫೋಟೋ, ಪುಸ್ತಕದ ಪುಟ ಜೋಡಿಸುವುದು, ಹೀಗೆ ಬಿಡಿ ಕೆಲಸ ಮಾಡಿ ಬದುಕುವವರಲ್ಲಿ ಈ ಎರಡೂ ಥರದವರನ್ನು ಹತ್ತಿರದಿಂದ ನೋಡಿದ್ದೇನೆ. ಇಬ್ಬರಿಗೂ ನಷ್ಟವೇ. ಮೊದಲನೆಯವರಿಗೆ ಹಣ ತಡವಾಗುತ್ತದೆ. ಎರಡನೆಯವರಿಗೆ ಹಣ ಬಂದರೂ ಮುಂದಿನ ಕೆಲಸ ಬರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ನೋಡೋಣ. ಮೈಸೂರಿನ ಒಬ್ಬ ಅನುವಾದಕಿ ಬೆಂಗಳೂರಿನ ಒಂದು ಕಂಪನಿಗೆ ಯಂತ್ರ ಬಳಕೆಯ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದಾರೆ. ಬಿಲ್ 42,000 ರೂಪಾಯಿ. ಬಿಲ್ ಬಂದ 30 ದಿನದೊಳಗೆ ಹಣ ಅಂತ ಮೇಲ್‌ನಲ್ಲಿ ಒಪ್ಪಂದವಾಗಿದೆ. ಜೂನ್ 3ರಂದು ಕೆಲಸದ ಕಡತ, ಬಿಲ್ ಎರಡನ್ನೂ ಕಳಿಸಿದ್ದಾರೆ. ಅದರ ಜೊತೆ ಬರೆದದ್ದು ಇಷ್ಟು:

> ನಮಸ್ಕಾರ ಮೇಡಂ. ಕೈಪಿಡಿಯ ಅನುವಾದ ಮತ್ತು ಬಿಲ್ ಲಗತ್ತಿಸಿದ್ದೇನೆ. ದಯವಿಟ್ಟು ನೋಡಿ.

ಒಂದು ವಾರವಾದರೂ ಉತ್ತರ ಇಲ್ಲ. ಬೇಜಾರು ಮಾಡಿಕೊಳ್ಳುವ ಮೊದಲು ಈ ಮೆಸೇಜನ್ನೇ ಇನ್ನೊಮ್ಮೆ ಓದಬೇಕು. ಇದರಲ್ಲಿ ಪ್ರಶ್ನೆ ಎಲ್ಲಿದೆ? "ನೋಡಿ" ಅಂದರು, ಮೇಡಂ ನೋಡಿದರು. ಉತ್ತರ ಕೊಡಬೇಕು ಅಂತ ಅವರಿಗೆ ಅನ್ನಿಸಿಯೇ ಇರಲಿಕ್ಕಿಲ್ಲ. ನಮಗೆ ಮೌನದಂತೆ ಕಾಣುವ ಎಷ್ಟೋ ಸಂದರ್ಭಗಳಲ್ಲಿ ನಾವು ಕೇಳಿದ್ದೇ ಇರುವುದಿಲ್ಲ. ಹಾಗಾಗಿ ಎರಡನೇ ಮೆಸೇಜ್ ಮೊದಲನೆಯದರ ನಕಲು ಆಗಬಾರದು. ಅದರಲ್ಲಿ ಒಂದು ಪ್ರಶ್ನೆ ಇರಬೇಕು. ನಿಂತಲ್ಲೇ ಉತ್ತರಿಸುವಷ್ಟು ಸಣ್ಣ ಪ್ರಶ್ನೆ.

ಇನ್ನೊಂದು ವಿಷಯವೂ ತಿಳಿದಿರಬೇಕು. ನಮಗೆ ಕೆಲಸ ಕೊಟ್ಟವರ ಕೈಯಲ್ಲಿ ಸಾಮಾನ್ಯವಾಗಿ ಹಣ ಇರುವುದಿಲ್ಲ. ಸ್ವಲ್ಪ ದೊಡ್ಡ ಕಂಪನಿಯಾದರೆ ಬಿಲ್ ಮೊದಲು ಕೆಲಸ ಕೊಟ್ಟವರ ಹತ್ತಿರ ಹೋಗುತ್ತದೆ. ಕೆಲಸ ಸರಿಯಾಗಿದೆ ಅಂತ ಅವರು ಒಪ್ಪಬೇಕು. ಆಮೇಲೆ ಅವರ ಮ್ಯಾನೇಜರ್ ಒಪ್ಪಬೇಕು. ನಂತರ ಅದು ಅಕೌಂಟ್ಸ್‌ಗೆ ಹೋಗುತ್ತದೆ. ಅಲ್ಲಿ ನಮ್ಮ ಹೆಸರು ವೆಂಡರ್ ಪಟ್ಟಿಯಲ್ಲಿದೆಯಾ, ಪ್ಯಾನ್ ಇದೆಯಾ, ಬ್ಯಾಂಕ್ ವಿವರಕ್ಕೆ ಕ್ಯಾನ್ಸಲ್ ಮಾಡಿದ ಚೆಕ್ ಬಂದಿದೆಯಾ, ಕಂಪನಿ ಕೊಟ್ಟ ಆರ್ಡರ್‌ನ ಪಿಒ ನಂಬರ್ ಬಿಲ್ ಮೇಲಿದೆಯಾ ಅಂತ ನೋಡುತ್ತಾರೆ. ಒಂದು ತಪ್ಪಿದರೂ ಬಿಲ್ ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಸರಿ ಇದ್ದರೂ ಹಣ ಹೋಗುವುದು ಅವರು ಪೇಮೆಂಟ್‌ಗೆ ಅಂತ ಗೊತ್ತು ಮಾಡಿಕೊಂಡ ದಿನವೇ. ಇಷ್ಟು ಕೈ ದಾಟುವ ಕಾಗದ ಎಲ್ಲಿ ನಿಂತಿದೆ ಅಂತ ಮೇಡಂಗೂ ಗೊತ್ತಿರದೇ ಇರಬಹುದು. ಗೊತ್ತಿಲ್ಲದ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಆಮೇಲೆ ನೋಡೋಣ ಅಂತ ಬಿಡುವುದು ಸುಲಭ, ಅಲ್ವಾ?

ಇಲ್ಲಿಂದಲೇ ನನ್ನ ಮುಖ್ಯ ಮಾತು ಹುಟ್ಟುತ್ತದೆ. ಪ್ರತಿ ಸಲವೂ ಮೌನಕ್ಕೆ ಒಂದು ಬೇರೆ ಕಾರಣ ಇರಬಹುದು ಅಂತ ಊಹಿಸಿ, ಆ ಕಾರಣಕ್ಕೆ ತಕ್ಕ ಪ್ರಶ್ನೆ ಕೇಳಬೇಕು. ಮೊದಲ ಸಲ: ತಲುಪಿಲ್ಲವೇನೋ. ಎರಡನೇ ಸಲ: ನನ್ನ ಕಡೆಯಿಂದ ಏನೋ ಬಾಕಿ ಇದೆಯೇನೋ. ಮೂರನೇ ಸಲ: ಇದು ಇವರ ಕೈಯಲ್ಲಿ ಇಲ್ಲವೇನೋ. ಹೀಗೆ ಬರೆದಾಗ ಪ್ರತಿ ಮೆಸೇಜೂ ಹೊಸದಾಗಿರುತ್ತದೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಾಗ ಮಾತ್ರ ಅದು ತಕರಾರು ಆಗುತ್ತದೆ, ಪದಗಳು ಎಷ್ಟೇ ನಯವಾಗಿದ್ದರೂ.

ಜೂನ್ 10ರಂದು ನಮ್ಮ ಅನುವಾದಕಿ ಹೀಗೆ ಬರೆಯಬಹುದು:

> ನಮಸ್ಕಾರ ಮೇಡಂ. ಜೂನ್ 3ರಂದು ಕೈಪಿಡಿಯ ಅನುವಾದ ಮತ್ತು ಬಿಲ್ (ನಂ. 17, ₹42,000) ಮೇಲ್ ಮಾಡಿದ್ದೆ. ಎರಡೂ ತಲುಪಿವೆಯಾ? ಹುಡುಕುವ ಕೆಲಸ ಬೇಡ ಅಂತ ಬಿಲ್ಲನ್ನು ಇದರ ಜೊತೆಗೂ ಲಗತ್ತಿಸಿದ್ದೇನೆ.

ಹಳೇ ಮೇಲ್‌ಗೇ ರಿಪ್ಲೈ ಮಾಡಿ ಇದನ್ನು ಕಳಿಸಬೇಕು, ವಿಷಯದ ಸಾಲು ಬದಲಿಸಬಾರದು. ಜಿಮೇಲ್‌ನಲ್ಲಿ ವಿಷಯದ ಸಾಲು ಬದಲಾದರೆ ಅದು ಬೇರೆಯೇ ಸಂಭಾಷಣೆಯಾಗಿ ಕೂರುತ್ತದೆ, ಹಳೆಯದು ಕೆಳಗೆ ಉಳಿಯುತ್ತದೆ. ಇನ್ನೊಂದು ಎಚ್ಚರ: ರಿಪ್ಲೈ ಒತ್ತಿದರೆ ಹಳೇ ಲಗತ್ತು ತಾನಾಗಿ ಜೊತೆಗೆ ಹೋಗುವುದಿಲ್ಲ. ಮತ್ತೆ ಸೇರಿಸಬೇಕು. "ಲಗತ್ತಿಸಿದ್ದೇನೆ" ಅಂತ ಬರೆದು ಬರಿಗೈಯಲ್ಲಿ ಹೋಗುವ ಮೇಲ್‌ಗಳು ಬಹಳ.

ಈಗ ಮಾತಿನ ಧಾಟಿಗೆ ಬರೋಣ. 2005ರಲ್ಲಿ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಇಮೇಲ್‌ನಲ್ಲಿ ತಮ್ಮ ಧ್ವನಿ ಓದುವವರಿಗೆ ಎಷ್ಟು ಸರಿಯಾಗಿ ತಲುಪುತ್ತದೆ ಅಂತ ಬರೆಯುವವರು ಅಂದಾಜು ಮಾಡಿದರು. ನಿಜವಾಗಿ ತಲುಪಿದ್ದು ಅದಕ್ಕಿಂತ ಕಡಿಮೆ. ಕಾರಣ ಸರಳ. ಬರೆಯುವಾಗ ನಮ್ಮ ತಲೆಯೊಳಗೆ ನಮ್ಮದೇ ಮೆಲುದನಿ ಕೇಳುತ್ತಿರುತ್ತದೆ. ಓದುವವರಿಗೆ ಅದು ಕೇಳುವುದಿಲ್ಲ, ಅವರಿಗೆ ಸಿಗುವುದು ಬರೀ ಅಕ್ಷರ. ಅದರಲ್ಲೂ ಉತ್ತರ ಕೊಡದೆ ಉಳಿದವರಿಗೆ ಒಳಗೊಳಗೆ ಸ್ವಲ್ಪ ಅಳುಕು ಇರುತ್ತದೆ. ಸಾಧಾರಣ ಮಾತು ಕೂಡ ಅವರಿಗೆ ಚುಚ್ಚಿದಂತೆ ಕಾಣಬಹುದು.

ಕನ್ನಡದಲ್ಲಿ ಈ ಚುಚ್ಚು ಎಲ್ಲಿ ಅಡಗಿರುತ್ತದೆ ಅಂತ ಗುರುತಿಸುವುದು ಕಷ್ಟವಲ್ಲ. "ಉತ್ತರ ಬಂದಿಲ್ಲ" ಅಂದರೆ ಸುದ್ದಿ. "ಉತ್ತರವೇ ಬಂದಿಲ್ಲ" ಅಂದರೆ ದೂರು. ಒಂದು ಏಕಾರ ಸೇರಿತು, ಅಷ್ಟೇ. "ಇನ್ನೂ" ಅನ್ನುವುದೂ ಹಾಗೆಯೇ. "ಹಣ ಬಂದಿಲ್ಲ" ಮತ್ತು "ಹಣ ಇನ್ನೂ ಬಂದಿಲ್ಲ" ನಡುವೆ ಹುಬ್ಬು ಗಂಟಿಕ್ಕಿದ ಒಂದು ಮುಖ ಇದೆ. "ಯಾಕೆ" ಅಂತ ಕೇಳಿದರೆ ಎದುರಿನವರು ಕಾರಣ ಹೇಳಿ ಬಚಾವಾಗಲು ನೋಡುತ್ತಾರೆ. "ಯಾವಾಗ" ಅಂತ ಕೇಳಿದರೆ ದಿನ ಹೇಳುತ್ತಾರೆ. ನಮಗೆ ಬೇಕಾಗಿರುವುದು ದಿನ.

ಇನ್ನೊಂದು ಅನುಕೂಲ ನಮ್ಮ ಭಾಷೆಯಲ್ಲೇ ಇದೆ. "ನೀವು ಬಿಲ್ ಪಾಸ್ ಮಾಡಿದ್ರಾ?" ಅಂದರೆ ಬೆರಳು ಅವರ ಕಡೆ ತಿರುಗುತ್ತದೆ. "ಬಿಲ್ ಪಾಸ್ ಆಯ್ತಾ?" ಅಂದರೆ ಇಬ್ಬರೂ ಪಕ್ಕ ಪಕ್ಕ ನಿಂತು ಬಿಲ್ ಕಡೆ ನೋಡಿದಂತೆ. ಮಾಡು ಬದಲು ಆಗು. "ನೀವು ಕಳಿಸಿಲ್ಲ" ಅನ್ನುವ ಬದಲು "ಖಾತೆಗೆ ಬಂದಿರುವುದು ಕಾಣುತ್ತಿಲ್ಲ". ಇದು ಬರೀ ನಯವಲ್ಲ, ಹೆಚ್ಚು ನಿಜವೂ ಹೌದು. ಅವರು ಕಳಿಸಿದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ. ಖಾತೆಯಲ್ಲಿ ಕಾಣುತ್ತಿಲ್ಲ ಅನ್ನುವುದಷ್ಟೇ ಗೊತ್ತು.

ನಯ ಅಂತ ಅಂದುಕೊಂಡು ನಾವು ಬಳಸುವ ಕೆಲವು ಮಾತುಗಳ ಮೇಲೆ ನನಗೆ ನಂಬಿಕೆ ಇಲ್ಲ. "ಜೆಂಟಲ್ ರಿಮೈಂಡರ್" ಅದರಲ್ಲೊಂದು. ಆಫೀಸುಗಳಲ್ಲಿ ಅದನ್ನು ಎಷ್ಟು ಸಲ ಓದಿದ್ದಾರೆಂದರೆ, ಕಂಡ ಕೂಡಲೇ ಯಾರೋ ಬಾಗಿಲು ಬಡಿದಂತೆ ಆಗುತ್ತದೆ. "ನೀವು ತುಂಬಾ ಬ್ಯುಸಿ ಇರ್ತೀರಿ ಅಂತ ಗೊತ್ತು" ಅನ್ನುವುದು ಮೊದಲ ಸಲ ಸರಿ. ಮೂರನೇ ಸಲ ಅದೇ ಮಾತು ಕೊಂಕು. "ಈ ಹಿಂದೆಯೂ ತಿಳಿಸಿದಂತೆ", "ಇದು ನನ್ನ ನಾಲ್ಕನೇ ಮೆಸೇಜ್" ಇವು ಸೀದಾ ಆರೋಪ. ಲೆಕ್ಕ ಇಡಬೇಕು, ಆದರೆ ನಮ್ಮ ಡೈರಿಯಲ್ಲಿ. ಹಾಗೆಯೇ ಅತಿಯಾಗಿ ಕ್ಷಮೆ ಕೇಳುವುದೂ ಬೇಡ. "ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ" ಅಂತ ಪ್ರತಿ ಸಲ ಬರೆದರೆ, ನಮ್ಮದೇ ದುಡ್ಡು ಕೇಳುವುದು ತಪ್ಪು ಅಂತ ನಾವೇ ಒಪ್ಪಿಕೊಂಡಂತೆ.

ಮತ್ತೆ ಉದಾಹರಣೆಗೆ ಬರೋಣ. ಜೂನ್ 10ರ ಮೆಸೇಜಿಗೆ "ತಲುಪಿದೆ, ನೋಡ್ತೀನಿ" ಅಂತ ಮೇಡಂ ಬರೆದರು. ನಂತರ ಸುದ್ದಿ ಇಲ್ಲ. ಗಡುವು ಜುಲೈ 3. ಹೆಚ್ಚಿನವರು ಗಡುವು ದಾಟಲಿ ಅಂತ ಕಾಯುತ್ತಾರೆ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಗಡುವು ದಾಟಿದ ಮೇಲೆ ಏನು ಬರೆದರೂ ಅದರಲ್ಲಿ "ತಡ ಮಾಡಿದ್ದೀರಿ" ಅನ್ನುವುದು ಇದ್ದೇ ಇರುತ್ತದೆ. ಒಂದು ವಾರ ಮೊದಲು ಬರೆದರೆ ಯಾರೂ ತಪ್ಪು ಮಾಡಿಲ್ಲ, ಮಾತು ಹಗುರವಾಗಿರುತ್ತದೆ. ಜೂನ್ 26ಕ್ಕೆ:

> ನಮಸ್ಕಾರ ಮೇಡಂ. ಬಿಲ್ ನಂ. 17ರ ಪಾವತಿಯ ದಿನ ಜುಲೈ 3ಕ್ಕೆ ಬರುತ್ತದೆ. ಅಕೌಂಟ್ಸ್‌ನವರಿಗೆ ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ವೆಂಡರ್ ಫಾರ್ಮ್, ಇವುಗಳಲ್ಲಿ ನನ್ನ ಕಡೆಯಿಂದ ಏನಾದರೂ ಬೇಕಿದೆಯಾ? ಬೇಕಿದ್ದರೆ ಇವತ್ತೇ ಕಳಿಸುತ್ತೇನೆ.

"ಏನಾದರೂ ಬೇಕಾ" ಅಂತ ಬರೀ ಕೇಳುವುದಕ್ಕಿಂತ ಹೆಸರಿಟ್ಟು ಕೇಳುವುದು ಮುಖ್ಯ. ಹೆಸರು ಕಂಡಾಗ ಮೇಡಂಗೆ "ಅಯ್ಯೋ, ವೆಂಡರ್ ಫಾರ್ಮ್ ಕಳಿಸಲೇ ಇಲ್ಲ" ಅಂತ ನೆನಪಾಗಬಹುದು. ಆಗ ಅವರು ಮರೆತದ್ದು ನಿಮ್ಮ ಕಡೆಯ ಬಾಕಿಯ ರೂಪದಲ್ಲಿ ಸದ್ದಿಲ್ಲದೆ ಸರಿಹೋಗುತ್ತದೆ. ತಪ್ಪು ಒಪ್ಪಿಕೊಳ್ಳದೆಯೇ ತಪ್ಪು ತಿದ್ದಿಕೊಳ್ಳುವ ದಾರಿ ಇದ್ದರೆ ಜನ ಬೇಗ ಉತ್ತರಿಸುತ್ತಾರೆ.

ಜುಲೈ 3 ದಾಟಿತು. ಹಣ ಬಂದಿಲ್ಲ. ಮರುದಿನವೇ ಬರೆಯುವುದು ಬೇಡ, ಪೇಮೆಂಟ್ ದಿನ ಒಂದೆರಡು ದಿನ ಆಚೆ ಈಚೆ ಇರಬಹುದು. ಜುಲೈ 8ಕ್ಕೆ:

> ನಮಸ್ಕಾರ ಮೇಡಂ. ಬಿಲ್ ನಂ. 17 ಜುಲೈ 3ಕ್ಕೆ ಆಗಬೇಕಿತ್ತು. ಖಾತೆಗೆ ಬಂದಿರುವುದು ಕಾಣುತ್ತಿಲ್ಲ. ಮುಂದಿನ ಪೇಮೆಂಟ್ ಯಾವ ದಿನ ಅಂತ ತಿಳಿಸುತ್ತೀರಾ? ಅಕೌಂಟ್ಸ್‌ನಲ್ಲಿ ಯಾರನ್ನು ಕೇಳಬೇಕು ಅಂತ ಹೇಳಿದರೂ ಸಾಕು, ನಾನೇ ಅವರ ಜೊತೆ ಮಾತಾಡುತ್ತೇನೆ.

ಇಲ್ಲಿ ವಿಷಯ ಗಟ್ಟಿಯಾಗಿದೆ, ಧ್ವನಿ ಬದಲಾಗಿಲ್ಲ. ಗಟ್ಟಿತನವೆಲ್ಲ ದಿನಾಂಕದಲ್ಲೇ ಇದೆ. "ತುಂಬಾ ತಡ", "ಬಹಳ ದಿನ" ಅಂತ ಬರೆದಿದ್ದರೆ ಅದು ನಮ್ಮ ಅಭಿಪ್ರಾಯವಾಗುತ್ತಿತ್ತು, ವಾದಕ್ಕೆ ದಾರಿಯಾಗುತ್ತಿತ್ತು. "ಜುಲೈ 3" ಅನ್ನುವುದರ ಜೊತೆ ಯಾರೂ ವಾದ ಮಾಡುವಂತಿಲ್ಲ. ಕೊನೆಯ ಸಾಲು ಮೇಡಂಗೆ ಬಿಡುಗಡೆಯ ಬಾಗಿಲು. ಒಂದು ಹೆಸರು ಹೇಳಿದರೆ ಅವರ ಹೊರೆ ಇಳಿಯಿತು.

ವಾಟ್ಸಾಪ್‌ನಲ್ಲಿ ಬರೆಯುವುದಾದರೆ ಕೆಲವು ಬೇರೆ ಎಚ್ಚರಗಳಿವೆ. ಬರೀ "ಹಲೋ ಮೇಡಂ" ಅಂತ ಹಾಕಿ ಕಾಯಬೇಡಿ. ಏನೋ ಕೇಳಲು ಹೊರಟಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ, ತೆರೆಯದೆ ಬಿಡುತ್ತಾರೆ. ನಮಸ್ಕಾರ, ವಿಷಯ, ಪ್ರಶ್ನೆ ಎಲ್ಲ ಒಂದೇ ಮೆಸೇಜಿನಲ್ಲಿರಲಿ. ನೀಲಿ ಟಿಕ್ ಕಂಡರೂ ಅದರ ಬಗ್ಗೆ ಎಂದೂ ಮಾತೆತ್ತಬಾರದು. "ನೋಡಿದ್ದೀರಿ, ಉತ್ತರ ಕೊಟ್ಟಿಲ್ಲ" ಅನ್ನುವುದು ಒಬ್ಬರ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿದೆ ಅಂತ ಹೇಳಿದ ಹಾಗೆ. ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದಂತೂ ಬೇಡವೇ ಬೇಡ. ಹತ್ತು ಜನರಿರುವ ಗುಂಪಿನಲ್ಲಿ ಬಿಲ್ ವಿಷಯ ಎತ್ತುವುದೂ ಬೇಡ. ಅಲ್ಲಿ ಕೇಳಿದ್ದು ಎಷ್ಟೇ ಮೆತ್ತಗಿದ್ದರೂ ಮರ್ಯಾದೆ ಹೋದಂತೆ ಆಗುತ್ತದೆ.

ಮೂರನೆಯದಕ್ಕೂ ಉತ್ತರ ಬರದಿದ್ದರೆ ನಾಲ್ಕನೆಯದನ್ನು ಬರೆಯುವ ಬದಲು ಫೋನ್ ಮಾಡಬೇಕು. ಬರಹದಲ್ಲಿ ಕಳೆದುಹೋಗುವ ಧ್ವನಿ ಫೋನಿನಲ್ಲಿ ಉಳಿಯುತ್ತದೆ. "ಮೇಡಂ, ಎರಡು ನಿಮಿಷ ಮಾತಾಡಬಹುದಾ? ಇಲ್ಲಾಂದ್ರೆ ಯಾವಾಗ ಮಾಡಲಿ?" ಅಂತ ಶುರು ಮಾಡಿದರೆ ಸಾಕು. ನಮ್ಮ ಅನುವಾದಕಿ ಜುಲೈ 11ಕ್ಕೆ ಫೋನ್ ಮಾಡಿದರು. 15ರ ಪೇಮೆಂಟ್‌ನಲ್ಲಿ ಬರುತ್ತದೆ ಅಂದರು ಮೇಡಂ. ಇಲ್ಲಿ ಬಹಳ ಜನ ಫೋನ್ ಇಟ್ಟು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಅರ್ಧ ಗಂಟೆಯೊಳಗೆ ಒಂದು ಸಾಲು ಹೋಗಬೇಕು:

> ಮಾತಾಡಿದ್ದಕ್ಕೆ ಧನ್ಯವಾದ ಮೇಡಂ. ಬಿಲ್ ನಂ. 17 ಜುಲೈ 15ರ ಪೇಮೆಂಟ್‌ನಲ್ಲಿ ಸೇರುತ್ತದೆ ಅಂತ ಬರೆದಿಟ್ಟುಕೊಂಡಿದ್ದೇನೆ. 16ರ ಸಂಜೆ ಖಾತೆ ನೋಡಿ ನಿಮಗೆ ತಿಳಿಸುತ್ತೇನೆ.

ಇಡೀ ಸರಣಿಯಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಈ ಸಾಲಿನ ಮೇಲೆ. ಬಾಯಿಮಾತು ಬರಹಕ್ಕೆ ಇಳಿಯಿತು. ಜೊತೆಗೆ 16ಕ್ಕೆ ನೀವು ಬರೆಯುವ ಮೆಸೇಜ್ ಈಗ ಬೆನ್ನು ಹತ್ತುವುದಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವುದು. ಹಣ ಬಂದಿದ್ದರೆ "ಬಂತು, ಧನ್ಯವಾದ". ಬರದಿದ್ದರೆ "ಹೇಳಿದಂತೆ ಇವತ್ತು ಖಾತೆ ನೋಡಿದೆ, ಕಾಣಲಿಲ್ಲ. ಅಕೌಂಟ್ಸ್‌ಗೆ ನಾನೇ ಮೇಲ್ ಮಾಡಿ ನಿಮ್ಮನ್ನು ಸಿಸಿಯಲ್ಲಿ ಇಡಲಾ?" ಮೊದಲೇ ಹೇಳಿ ಬರೆದ ಮೆಸೇಜಿಗೆ ಯಾರೂ ಬೇಸರಿಸುವುದಿಲ್ಲ.

ಇನ್ನೊಬ್ಬರನ್ನು ನಡುವೆ ತರುವ ಹೊತ್ತೇ ಸಂಬಂಧ ಕೆಡುವ ಹೊತ್ತು. ಮೇಡಂಗೆ ಗೊತ್ತಿಲ್ಲದೆ ಅವರ ಮ್ಯಾನೇಜರ್‌ನನ್ನು ಸಿಸಿಗೆ ಹಾಕಿದರೆ ಅದು ದೂರು ಕೊಟ್ಟಂತೆ. ಅದಕ್ಕೇ ಮೊದಲು ಕೇಳಬೇಕು. ಕೇಳಿದ ಮೇಲೂ ಅವರು ಎರಡು ಮೂರು ದಿನ ಸುಮ್ಮನಿದ್ದರೆ ಮುಂದುವರಿಯಬಹುದು. ಮ್ಯಾನೇಜರ್‌ಗಿಂತ ಅಕೌಂಟ್ಸ್ ವಾಸಿ, ಅವರು ಮೇಲಧಿಕಾರಿ ಅಲ್ಲ, ಬೇರೆ ವಿಭಾಗ. ದಿನ ಆರಿಸುವಾಗ ಅವರ ಕ್ಯಾಲೆಂಡರ್ ನೆನಪಿರಲಿ. ಟಿಡಿಎಸ್ ಕಟ್ಟಲು ಸಾಮಾನ್ಯವಾಗಿ ತಿಂಗಳ 7, ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11 ಮತ್ತು 20 ಕೊನೆಯ ದಿನಗಳು. ಆ ಹೊತ್ತಿನಲ್ಲಿ ಹೋದ ಮೇಲ್ ಅಡಿಗೆ ಬೀಳುತ್ತದೆ. ಜುಲೈ 22ಕ್ಕೆ ಬರೆದ ಮೇಲ್ ಹೀಗಿರಬಹುದು:

> ನಮಸ್ಕಾರ ಸರ್. ನಿಮ್ಮ ಸಂಸ್ಥೆಗೆ ಕೈಪಿಡಿಯ ಕನ್ನಡ ಅನುವಾದ ಮಾಡಿದ್ದೇನೆ. ಮೇಡಂ ಅವರು ಈ ಕೆಲಸ ನೋಡಿಕೊಂಡವರು, ಅವರೂ ಸಿಸಿಯಲ್ಲಿದ್ದಾರೆ. ಕೆಲಸ ಮತ್ತು ಬಿಲ್ ಕಳಿಸಿದ್ದು ಜೂನ್ 3, ಪಾವತಿಯ ದಿನ ಜುಲೈ 3. ಬಿಲ್, ಒಪ್ಪಂದದ ಮೇಲ್, ಪ್ಯಾನ್, ಬ್ಯಾಂಕ್ ವಿವರ ಎಲ್ಲವನ್ನೂ ಲಗತ್ತಿಸಿದ್ದೇನೆ. ಇದು ಯಾವ ಹಂತದಲ್ಲಿದೆ, ಯಾವ ದಿನ ಆಗಬಹುದು ಅಂತ ತಿಳಿಸುತ್ತೀರಾ?

ಮೇಡಂ ಉತ್ತರ ಕೊಡಲಿಲ್ಲ ಅನ್ನುವುದು ಇಲ್ಲಿ ಎಲ್ಲೂ ಇಲ್ಲ. ಈ ಮೇಲ್ ಓದಿದಾಗ ಮೇಡಂ ಮುಖ ಕೆಂಪಾಗಬಾರದು. ಅವರು ನಾಳೆಯೂ ನಿಮಗೆ ಕೆಲಸ ಕೊಡಬೇಕಾದವರು.

ಇಷ್ಟಾದರೂ ಉತ್ತರ ಇಲ್ಲದಿದ್ದರೆ ಕಾನೂನಿನ ಬಲ ಏನಿದೆ ಅಂತ ತಿಳಿದಿರಬೇಕು. ನೀವು ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡ ಅತಿಸಣ್ಣ ಅಥವಾ ಸಣ್ಣ ಉದ್ಯಮವಾಗಿದ್ದರೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಪರ ಇದೆ. ಬರಹದಲ್ಲಿ ಒಪ್ಪಂದವಿದ್ದರೆ ಆ ದಿನದೊಳಗೆ ಹಣ ಕೊಡಬೇಕು. ಆ ಅವಧಿ, ನೀವು ಮುಗಿಸಿಕೊಟ್ಟ ಕೆಲಸವನ್ನು ಕಂಪನಿ ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಇದೆ. ಆ ದೂರು ಇಂಥ ಬಾಕಿಗಳನ್ನು ತೀರ್ಮಾನಿಸುವ ರಾಜ್ಯದ ಕೌನ್ಸಿಲ್ ಮುಂದೆ ಹೋಗುತ್ತದೆ.

ಇದನ್ನು ಮೊದಲ ಮೆಸೇಜುಗಳಲ್ಲಿ ಸೂಚ್ಯವಾಗಿ ತೂರಿಸಬೇಡಿ. ಕೊನೆಯಲ್ಲಿ ಒಂದೇ ಸಲ, ಪೂರ್ತಿಯಾಗಿ ಹೇಳಿ. "ಆಗಸ್ಟ್ 5ರವರೆಗೆ ಉತ್ತರಕ್ಕೆ ಕಾಯುತ್ತೇನೆ. ಆಮೇಲೆ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತೇನೆ. ಅದಕ್ಕೂ ಮೊದಲು ಮಾತಾಡಿ ಮುಗಿಸುವುದು ನನಗೆ ಇಷ್ಟ" ಅಂದರೆ ಸಾಕು. "ಕ್ರಮ ಕೈಗೊಳ್ಳಬೇಕಾಗುತ್ತದೆ" ಅನ್ನುವ ಮಬ್ಬು ಮಾತು ಹೆದರಿಸುತ್ತದೆ, ದಾರಿ ತೋರಿಸುವುದಿಲ್ಲ. ಹೇಳಿದ ಮೇಲೆ ಆ ದಿನ ಅದನ್ನು ಮಾಡಲೇಬೇಕು. ಮಾಡುವ ಮನಸ್ಸಿಲ್ಲದಿದ್ದರೆ ಬರೆಯಬೇಡಿ.

ನಯದಿಂದ ಬಗೆಹರಿಯದ ಸಂದರ್ಭಗಳೂ ಇವೆ. ಬೇರೆ ವಿಷಯಕ್ಕೆ ಅರ್ಧ ಗಂಟೆಯಲ್ಲಿ ಉತ್ತರ, ಬಿಲ್ ವಿಷಯಕ್ಕೆ ಮಾತ್ರ ಮೌನ ಅಂತಾದರೆ ಮೆಸೇಜ್ ತಲುಪಿಲ್ಲ ಅನ್ನುವ ಊಹೆ ಮುಗಿಯಿತು. ಪ್ರತಿ ಸಲ ಹೊಸ ಕಾರಣ ಬಂದರೆ ಬಹುಶಃ ಅವರ ಬಳಿ ಹಣವೇ ಇಲ್ಲ. ಆಗ "ಎರಡು ಕಂತಿನಲ್ಲಿ ಕೊಟ್ಟರೂ ಆಗುತ್ತದೆ, ಮೊದಲ ಕಂತು ಯಾವ ದಿನ?" ಅಂತ ಕೇಳಿ ನೋಡಬಹುದು. ಬಿಲ್ ಕೊಟ್ಟು ತಿಂಗಳಾದ ಮೇಲೆ ಕೆಲಸದಲ್ಲಿ ದೋಷ ಹೇಳತೊಡಗಿದರೆ ಅದನ್ನು ಬೇರೆಯಾಗಿ, ಪಟ್ಟಿ ಕೇಳಿ ಬಗೆಹರಿಸಬೇಕು. ಈ ಮೂರರಲ್ಲಿ ಯಾವುದೇ ಆದರೂ ಹೊಸ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸಿ.

ಒಂದು ಮಾತು ಪಕ್ಕಕ್ಕೆ. ಇಷ್ಟು ಉದ್ದದ ಸರಣಿ ಹೊಂದುವುದು ಅವರು ನಮಗೆ ಕೊಡಬೇಕಾದದ್ದು ಇರುವಾಗ ಮಾತ್ರ. ಕೆಲಸ ಕೇಳಿ ಬರೆದದ್ದು, ಸಲಹೆ ಕೇಳಿದ್ದು, ಲೇಖನ ಕಳಿಸಿದ್ದು ಇವಕ್ಕೆ ಎರಡು ಸಲ ಬರೆದರೆ ಸಾಕು. ಅಲ್ಲಿ ಉತ್ತರ ಕೊಡದಿರುವುದು ಅವರ ಹಕ್ಕು.

ಅನುವಾದಕಿಯ ಹಣ ಜುಲೈ 30ಕ್ಕೆ ಬಂತು ಅಂತ ಇಟ್ಟುಕೊಳ್ಳೋಣ. ಪೂರ್ತಿ 42,000 ರೂಪಾಯಿ. ಆ ದಿನವೇ ಅಕೌಂಟ್ಸ್ ಮತ್ತು ಮೇಡಂ ಇಬ್ಬರಿಗೂ ಒಂದು ಮೇಲ್ ಹೋಗಬೇಕು. ತಡದ ಮಾತು ಅದರಲ್ಲಿ ಬೇಡ:

> ನಮಸ್ಕಾರ. ಬಿಲ್ ನಂ. 17ರ ₹42,000 ಇವತ್ತು ಖಾತೆಗೆ ಬಂದಿದೆ, ಲೆಕ್ಕ ಸರಿಯಾಗಿದೆ. ಇಬ್ಬರಿಗೂ ಧನ್ಯವಾದ. ಮುಂದಿನ ಬಿಲ್ಲಿನಲ್ಲಿ ಪಿಒ ನಂಬರ್ ಎಲ್ಲಿ ಹಾಕಬೇಕು ಅಂತ ಹೇಳಿದರೆ ಮೊದಲೇ ಸೇರಿಸಿ ಕಳಿಸುತ್ತೇನೆ.